ಫ್ಲಾಪ್‌ನಲ್ಲಿ ನಂಗೆ 68 ಬರ್ತಿದೆ, ಫ್ರೆಂಡ್ 54 ಅಂತಾನೆ, ಯಾವ್ದು ಸರಿ?

ಬಟವಾಡಿ_ಹುಡ್ಗ: ತುಮಕೂರಲ್ಲಿ ರೂಮಲ್ಲಿ ಕೂತು ದುಡ್ಡಿಲ್ದೆ ಹುಣಸೆಬೀಜ ಇಟ್ಕೊಂಡು ಹೋಲ್ಡೆಮ್ ಆಡ್ತೀವಿ. ನನ್ ಕೈಲಿ ಆಟೀನು 9, ಆಟೀನು 8. ಫ್ಲಾಪ್ ಆಟೀನು 7, ಕಳಾವರ್ 6, ಆಟೀನು 2. ಫ್ಲಶ್‌ಗೆ ಇನ್ನೂ 9 ಆಟೀನು ಇದಾವೆ, ಸ್ಟ್ರೇಟ್‌ಗೆ ನಾಕು 5, ನಾಕು 10, ಒಟ್ಟು 17 ಔಟ್ಸ್, ನಾಕರಿಂದ ಗುಣಿಸಿದ್ರೆ 68 ಪರ್ಸೆಂಟ್. ಪಾಟ್‌ನಲ್ಲಿ 60 ಬೀಜ ಇತ್ತು, ಎದುರಿನವ್ನು 40 ಹಾಕ್ದ, ಕಾಲ್ ಮಾಡ್ದೆ. ಫ್ರೆಂಡ್ ಪೇಪರ್ ತಗೊಂಡು ಲೆಕ್ಕ ಮಾಡಿ 54 ಅಂತಿದಾನೆ.

ಚಿಂತಾಮಣಿ_ಚೀನಿ: ಆಟೀನು 5, ಆಟೀನು 10 ಎರಡನ್ನೂ ಎರಡೆರಡ್ ಸಲ ಎಣಿಸಿದೀರ ಗುರು. 15 ಔಟ್ಸ್. ಅಂದ್ರೆ 60. ನಿಮ್ಮ ಫ್ರೆಂಡೂ ತಪ್ಪು.

ಕೋಲಾರ_ಕಾಕಾ: ಸ್ವಾಮಿ, ನನ್ನ ಕೈಲಿ ಜೋಡಿ 8 ಇದ್ರೆ ಇನ್ನೊಂದು 8 ಫ್ಲಾಪ್‌ನಲ್ಲಿ ಬರೋಕೂ 2x4 ಹಾಕ್ಬೋದಾ? 8 ಪರ್ಸೆಂಟೇ ಅಂದ್ರೆ ಕಮ್ಮಿ ಅನ್ಸುತ್ತೆ.

ಲೆಕ್ಕದ_ಮೇಷ್ಟ್ರು: ಕಾಕಾ, ನಾಕು ಅನ್ನೋದು ಫ್ಲಾಪ್ ಆದ್ಮೇಲೆ ಉಳಿದಿರೋ ಎರಡು ಕಾರ್ಡಿಗೆ, ನಿಮ್ಮದ್ರಲ್ಲಿ ಮೂರು ಕಾರ್ಡ್ ಒಟ್ಗೆ ಬೀಳುತ್ತೆ, ಹತ್ತಿರ ಹತ್ತಿರ 12.

ಚೀನಿ, ಎಣಿಕೆ ಸರಿ, 60 ಸರಿ ಇಲ್ಲ. ಟರ್ನಲ್ಲೂ ರಿವರಲ್ಲೂ ಎರಡರಲ್ಲೂ ಔಟ್ಸ್ ಬೀಳೋ ಸಾಧ್ಯತೆ ಇದೆಯಲ್ಲ, ನಾಕರಿಂದ ಗುಣಿಸಿದಾಗ ಅದು ಎರಡ್ ಸಲ ಸೇರ್ಕೊಳ್ಳುತ್ತೆ, ಔಟ್ಸ್ ಕಮ್ಮಿ ಇದ್ರೆ ಗೊತ್ತಾಗಲ್ಲ, 15 ಅಂದಾಗ ಎದ್ದು ಕಾಣುತ್ತೆ. ತಪ್ಪಿಹೋಗೋ ಲೆಕ್ಕ ಹಾಕಿ, ಕಾಣದ 47 ಕಾರ್ಡಲ್ಲಿ 32 ಬೇಡದವು, ಆಮೇಲೆ 46ರಲ್ಲಿ 31:

```
1 - (32/47)*(31/46) = 0.541
```

ತಲೇಲೇ ಮಾಡ್ಬೇಕು ಅಂದ್ರೆ 8 ದಾಟಿದ ಪ್ರತಿ ಔಟ್‌ಗೆ ಒಂದೊಂದು ಕಳೀರಿ, 60ರಲ್ಲಿ 7 ಹೋದ್ರೆ 53, ಸಾಕು.

ಆದ್ರೆ ಹುಡ್ಗ, ಎದುರಿನವ್ನು ಆಲ್‌ಇನ್ ಆಗಿರ್ಲಿಲ್ಲ ತಾನೆ? ಹಾಗಾದ್ರೆ ನಾಕು ಹಾಕಲೇಬಾರ್ದು. ರಿವರ್ ನೋಡ್ಬೇಕಂದ್ರೆ ಟರ್ನಲ್ಲಿ ಇನ್ನೊಂದ್ ಬೆಟ್ ತೆರಬೇಕಾಗ್ಬೋದು. ಈ 40ಕ್ಕೆ ಸಿಗೋದು ಒಂದೇ ಕಾರ್ಡ್, ಅಂದ್ರೆ 15x2, 30. ನೀವು 40 ಹಾಕಿದ್ರೆ ಪಾಟ್ 140, ಬೇಕಾಗಿರೋದು 28.6. ಕಾಲ್ ಸರಿ, ಆದ್ರೆ 68 ಅನ್ನೋ ಧೈರ್ಯದಿಂದಲ್ಲ.

ಬಟವಾಡಿ_ಹುಡ್ಗ: ಆಲ್‌ಇನ್ ಇಲ್ಲ. ಬರೀ ಫ್ಲಶ್ ಡ್ರಾ ಇದ್ದಿದ್ರೆ 18, ಬಿಡ್ಬೇಕಿತ್ತಾ ಹಂಗಾರೆ?

ಚಿಂತಾಮಣಿ_ಚೀನಿ: ಅವನ್ಹತ್ರ ಬೀಜ ಜಾಸ್ತಿ ಇದ್ರೆ ಬಿಡ್ಬಾರ್ದು, ಹೊಡೆದ್ಮೇಲೆ ಕಿತ್ಕೋಬೋದು.

ಲೆಕ್ಕದ_ಮೇಷ್ಟ್ರು: ಮೂರನೇ ಆಟೀನು ಮೇಜಿಗೆ ಬಿದ್ಮೇಲೂ ಕೊಡೋನಾ ಅಂತ ನೋಡ್ಕೊಳ್ಳಿ, ಹುಷಾರಾಗಿರೋನು ಕೊಡಲ್ಲ. ಇನ್ನೊಂದು, ಅವನ ಕೈಲಿ ಜೋಡಿ 7 ಇದ್ರೆ ಆಟೀನು 6 ನಿಮ್ ಔಟೇ ಅಲ್ಲ, ನಿಮ್ಗೆ ಫ್ಲಶ್, ಅವನಿಗೆ ಫುಲ್‌ಹೌಸ್. ದೊಡ್ಡ ಆಟೀನು ಎರಡು ಹಿಡ್ಕೊಂಡಿದ್ರೆ ಇನ್ನೂ ಕಷ್ಟ, ನೀವು ಎಣಿಸಿರೋ 9ರಲ್ಲಿ ಎರಡು ಅವನ ಕೈಲೇ ಇರುತ್ತೆ, ಉಳಿದ್ದು ಬಿದ್ರೂ ಅವನ ಫ್ಲಶ್ಶೇ ದೊಡ್ದು.

ಚಿಂತಾಮಣಿ_ಚೀನಿ: ಹಂಗ್ ಹೆದರ್ಕೊಂಡ್ರೆ ಯಾವ್ ಡ್ರಾನೂ ಆಡಕ್ಕಾಗಲ್ಲ ಮೇಷ್ಟ್ರೇ.

ಬಟವಾಡಿ_ಹುಡ್ಗ: ಅವ್ನು ಕಾರ್ಡ್ ತೋರಿಸ್ದೇ ಎಸೆದ. ಜೋಡಿ 7 ಅಂತಾನೆ, ನಂಬಕ್ಕಾಗಲ್ಲ.