ಅಪ್‌ಡೇಟ್: ಒಟಿಪಿ ಈಗ ತಾನಾಗಿಯೇ ಎರಡನೇ ದಾರಿ ಹಿಡಿಯುತ್ತಿದೆ

ನಾನು ಕೇಳಿದ್ದು: ಚಿಕ್ಕಮಗಳೂರಿನ ಹೋಮ್‌ಸ್ಟೇ ಬುಕಿಂಗ್ ಸೈಟ್ ನಮ್ಮದು. ಒಂದು ಎಸ್ಎಂಎಸ್ ಕಂಪನಿ ಕೈಕೊಟ್ಟರೆ ಇನ್ನೊಂದಕ್ಕೆ ತಾನಾಗಿಯೇ ಬದಲಾಗಬೇಕು, ಹೇಗೆ?

ಅಂತೂ ಸರಿಹೋಯ್ತು. ನಿಮಿಷಕ್ಕೊಮ್ಮೆ ಎಪಿಐ ಪಿಂಗ್ ಮಾಡಿ ಅನ್ನೋ ಸಲಹೆ ಉಪಯೋಗಕ್ಕೆ ಬರಲಿಲ್ಲ. ಎಸ್ಎಂಎಸ್ ಕಂಪನಿಯ ಸರ್ವರ್ ಆರಾಮಾಗಿ 200 ಅಂತ ಉತ್ತರ ಕೊಡ್ತಾ ಇರುತ್ತೆ, ಮೆಸೇಜ್ ಮಾತ್ರ ಆಪರೇಟರ್‌ಗೆ ಹೋಗೋ ದಾರೀಲಿ ಸಿಕ್ಕಿಕೊಂಡಿರುತ್ತೆ. ಕೆಲಸಕ್ಕೆ ಬಂದದ್ದು ಡೆಲಿವರಿ ರಿಪೋರ್ಟ್ ಎಣಿಸಿ ಅಂದವರ ಮಾತು. ಕಳಿಸಿ ಒಂದು ನಿಮಿಷ ದಾಟಿದ ಒಟಿಪಿಗಳಲ್ಲಿ ಕೊನೆಯ 20 ನೋಡ್ತೀವಿ. 14ಕ್ಕಿಂತ ಕಡಿಮೆ ತಲುಪಿದ್ರೆ ಎರಡನೇ ಕಂಪನಿ. ಹತ್ತು ನಿಮಿಷ ಕಳೆದು ಹಳೇ ದಾರೀಲಿ ನಾಲ್ಕೈದು ಕಳಿಸಿ ನೋಡ್ತೀವಿ, ತಲುಪಿದ್ರೆ ವಾಪಸ್.

ಆದರೆ ನಮ್ಮ ಮಲೆನಾಡಿನ ತಾಪತ್ರಯ ಬೇರೆ. ಗೆಸ್ಟ್ ಮುಳ್ಳಯ್ಯನಗಿರಿ ಮೇಲೋ ಕಾಫಿ ತೋಟದೊಳಗೋ ಇದ್ದು ಸಿಗ್ನಲ್ ಸಿಗದಿದ್ರೂ ರಿಪೋರ್ಟ್‌ನಲ್ಲಿ ಅದು ಫೇಲೇ. ಹಾಗಾಗಿ ವೀಕೆಂಡ್ ಬಂತೆಂದರೆ ಸುಮ್ಮಸುಮ್ಮನೆ ಸ್ವಿಚ್ ಆಗ್ತಿತ್ತು, ಪಾಪ, ಕಂಪನಿಯದ್ದೇನೂ ತಪ್ಪಿಲ್ಲ. `Absent Subscriber` ಅಂತ ಬಂದವನ್ನು ಲೆಕ್ಕದಿಂದಲೇ ಕೈಬಿಟ್ಟ ಮೇಲೆ ಆ ಕಾಟ ತಪ್ಪಿತು. ಈ ಎರರ್ ಕೋಡ್ ಒಂದೊಂದು ಕಂಪನಿಗೆ ಒಂದೊಂದು ಥರ, ಪಟ್ಟಿ ಕೇಳಿ ತಗೊಳ್ಳಿ.

ಇನ್ನೊಂದು ವಿಷಯ ನನಗೆ ಹೊಸದು. ಹೆಡರ್, ಟೆಂಪ್ಲೇಟ್ ಅಪ್ರೂವ್ ಆಗಿದ್ರೆ ಸಾಲದು, ಡಿಎಲ್‌ಟಿ ಪೋರ್ಟಲ್‌ನಲ್ಲಿ ಎರಡನೇ ಕಂಪನಿಯನ್ನೂ ಟೆಲಿಮಾರ್ಕೆಟರ್ ಚೈನ್‌ಗೆ ಸೇರಿಸಬೇಕು. ಇಲ್ಲಾಂದ್ರೆ ಸ್ವಿಚ್ ಏನೋ ಆಗುತ್ತೆ, ಮೆಸೇಜ್ ಆಪರೇಟರ್ ಹತ್ತಿರವೇ ರಿಜೆಕ್ಟ್. ಅಂಥದ್ದು ಮೊದಲೇ ಗೊತ್ತಾಗಲಿ ಅಂತ ಈಗ ಎಲ್ಲ ಸರಿಯಿದ್ದಾಗಲೂ ನೂರಕ್ಕೆ ಐದು ಒಟಿಪಿ ಎರಡನೇ ದಾರೀಲೇ ಕಳಿಸ್ತಾ ಇದ್ದೀವಿ.