ಪದಚರ್ಚೆ: ಸಾವಿನ ಕಾರಣಕ್ಕೆ ಸಭೆ ಮುಂದೂಡುವ ಸೂಚನೆ, ಸಂಜೆಯೊಳಗೆ ಬೇಕು

ಸುಮಾ, ಬೆಂಗಳೂರು:
ಎಲ್ಲರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟು. ನಮ್ಮ ಅಪಾರ್ಟ್‌ಮೆಂಟ್ ಸಂಘದ ಸರ್ವಸದಸ್ಯರ ಸಭೆ ಇದೇ ಭಾನುವಾರ, ಜೂನ್ 14ಕ್ಕೆ ಇತ್ತು. ಅಧ್ಯಕ್ಷರ ಅತ್ತೆ ನಿನ್ನೆ ರಾತ್ರಿ ಧಾರವಾಡದಲ್ಲಿ ತೀರಿಕೊಂಡ್ರು, ಅಧ್ಯಕ್ಷರು ಮನೆಯವರ ಜೊತೆ ಬೆಳಿಗ್ಗೇನೇ ಹೊರಟುಹೋಗಿದ್ದಾರೆ, ಸಭೆ 28ಕ್ಕೆ ಹಾಕಿದ್ದೀವಿ. ಲಿಫ್ಟ್ ಪಕ್ಕದ ಬೋರ್ಡಿಗೂ ವಾಟ್ಸಾಪ್ ಗ್ರೂಪಿಗೂ ಸಂಜೆ ಆರರೊಳಗೆ ಹಾಕಬೇಕು. ಖಜಾಂಚಿ ಇಂಗ್ಲಿಷಲ್ಲಿ ಬರೆದುಕೊಟ್ಟಿದ್ದನ್ನ ನಾನು ಕನ್ನಡಕ್ಕೆ ತಂದಿದ್ದು ಹೀಗಿದೆ:

"ಅಧ್ಯಕ್ಷರ ಕುಟುಂಬದಲ್ಲಿ ಸಾವು ಸಂಭವಿಸಿರುವುದರಿಂದ ಹಾಗೂ ಸೂತಕ ಇರುವುದರಿಂದ ಸಭೆಯು ಮುಂದೂಡಲ್ಪಟ್ಟಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ."

ಓದಿದ್ರೆ ರಸ್ತೆ ಅಗೆಯುವಾಗ ಹಾಕೋ ಬೋರ್ಡಿನ ಹಾಗೆ ಇದೆ. ತೀರಿಕೊಂಡವರಿಗೆ ಮರ್ಯಾದೆ ಇರ್ಬೇಕು, ಅತಿಯಾಗಿ ಅಳಬಾರದು, ಮೂರ್ನಾಲ್ಕು ಸಾಲಲ್ಲಿ ಮುಗೀಬೇಕು. ಸಾವು, ನಿಧನ, ಮರಣ, ದೈವಾಧೀನ, ಇದರಲ್ಲಿ ಯಾವುದು ಸರಿ ಅಂತ ಮುಖ್ಯವಾಗಿ ಹೇಳಿ.

ಗುರುರಾಜ, ಮೈಸೂರು:
ಮೊದಲು "ಮುಂದೂಡಲ್ಪಟ್ಟಿದೆ" ತೆಗೀರಿ. ಯಾವ ಕನ್ನಡಿಗ ಬಾಯಲ್ಲಿ "ಅಲ್ಪಡು" ಅಂತಾನೆ? ಮುಂದೂಡಿದವರು ನೀವೇ ತಾನೆ, "ಮುಂದೂಡಿದ್ದೇವೆ" ಅನ್ನಿ. "ಸಾವು ಸಂಭವಿಸಿದೆ" ಅಪಘಾತದ ವರದಿಗೆ ಸರಿ, ವಯಸ್ಸಾಗಿ ಮನೇಲಿ ತೀರಿಕೊಂಡವರ ವಿಷಯಕ್ಕೆ ಹೊಂದಲ್ಲ. ಇನ್ನು ಪೇಪರಿನವರ "ನಿಧನರಾದರು" ತಪ್ಪು ಪ್ರಯೋಗ. ನಿಧನ ಅನ್ನೋದು ಭಾವನಾಮ, ಮನುಷ್ಯ ನಿಧನ "ಆಗಲ್ಲ", ನಿಧನ "ಹೊಂದುತ್ತಾನೆ". "ನಿಧನ ಹೊಂದಿದರು" ಅಂತಲೇ ಬರೀಬೇಕು. ಇದರಲ್ಲಿ ಚರ್ಚೆಗೆ ಜಾಗ ಇಲ್ಲ.

ರವಿ, ತುಮಕೂರು:
ನಿಧನ ಪದವೇ ಬೇಡ ಅಂತೀನಿ. ನಿ + ಧನ, ಅಂದ್ರೆ ಧನ ಇಲ್ಲದ್ದು, ನಿರ್ಧನದ ಅಣ್ಣತಮ್ಮ. ಸತ್ತೋರನ್ನ ಬಡವರು ಅಂದಂಗಾಯ್ತು. ಕನ್ನಡದಲ್ಲಿ ಸಾವು ಇದೆ, ಅಗಲಿಕೆ ಇದೆ. "ಸಭೆ" ಕೂಡ ಸಂಸ್ಕೃತ, "ಕೂಟ" ಅನ್ನಿ. "ಅಧ್ಯಕ್ಷರ ಅತ್ತೆ ಅಗಲಿದ್ದಾರೆ, ಕೂಟವನ್ನು ಮುಂದೂಡಿದ್ದೇವೆ". ಇಷ್ಟಕ್ಕೆ ಸಂಸ್ಕೃತ ಯಾಕೆ?

ನಂಜಪ್ಪ, ಮಂಡ್ಯ:
ರವಿ ಅವರೇ, ನಿಧನಕ್ಕೂ ಧನಕ್ಕೂ ನೀವು ಹೇಳಿದ ನಂಟು ಇಲ್ಲ. ಸಂಸ್ಕೃತದಲ್ಲಿ ನಿಧನ ಅಂದ್ರೆ ಕೊನೆ, ಮುಕ್ತಾಯ. ಸಾಮಗಾನದಲ್ಲಿ ಪ್ರಸ್ತಾವ, ಉದ್ಗೀಥ, ಪ್ರತಿಹಾರ, ಉಪದ್ರವ ಆಗಿ ಕೊನೇ ಭಾಗಕ್ಕೆ ನಿಧನ ಅಂತಲೇ ಹೆಸರು. ಗೀತೆಯ "ಸ್ವಧರ್ಮೇ ನಿಧನಂ ಶ್ರೇಯಃ" ನಿಮಗೂ ಗೊತ್ತಿರುತ್ತೆ, ಅಲ್ಲಿ ಬಡತನ ಎಲ್ಲಿಂದ ಬಂತು? ನಮ್ಮ "ತೀರಿಕೊಂಡರು" ನೋಡಿ, ತೀರು ಅಂದ್ರೂ ಮುಗಿ ಅಂತಲೇ. ಎರಡು ಭಾಷೆಯೂ ಒಂದೇ ದಾರಿ ಹಿಡಿದಿವೆ.

ಆದ್ರೆ ಸುಮಾ ಅವರೇ, ನಿಮ್ಮ ಒಕ್ಕಣೆಯಲ್ಲಿ ಅಪಾಯ ಇರೋದು ಸಾವಿನ ಪದದಲ್ಲಲ್ಲ, "ಕುಟುಂಬ"ದಲ್ಲಿ. ನಮ್ಮ ಹಳೇ ಮೈಸೂರು ಕಡೆ ವಯಸ್ಸಾದವರು "ನಮ್ಮ ಕುಟುಂಬ" ಅಂದ್ರೆ ಹೆಂಡತಿ ಅಂತ ಅರ್ಥ. "ಕುಟುಂಬಕ್ಕೆ ಹುಷಾರಿಲ್ಲ ಸ್ವಾಮಿ" ಅಂತಾರೆ, ಅದು ಇಡೀ ಮನೆಗೆ ಜ್ವರ ಅಂತಲ್ಲ. ಅದನ್ನ ಬಿಟ್ಟು "ಮನೆಯವರು" ಹಾಕೋಣ ಅಂದ್ಕೊಂಡ್ರೆ ಅದು ಇನ್ನೂ ಕೆಟ್ಟದ್ದು. "ನಮ್ಮನೆಯವರು" ಅಂದ್ರೆ ಗಂಡ ಅಥವಾ ಹೆಂಡತಿ ಅಂತಲೇ ನಾಡಿನ ಬಹುಪಾಲು ಜನ ತಿಳ್ಕೊಳ್ಳೋದು, ನೀವೇ ಮೇಲೆ "ಮನೆಯವರ ಜೊತೆ ಹೊರಟರು" ಅಂತ ಹಾಗೇ ಬಳಸಿದ್ದೀರಿ. "ಅಧ್ಯಕ್ಷರ ಮನೆಯವರು ತೀರಿಕೊಂಡಿದ್ದಾರೆ" ಅಂತ ಲಿಫ್ಟ್ ಹತ್ರ ಅಂಟಿಸಿದ್ರೆ ಅರ್ಧ ಕಟ್ಟಡ ಅವರ ಹೆಂಡತಿಯೇ ಹೋದರು ಅಂತ ಫೋನ್ ಹಚ್ಚುತ್ತೆ, ಆ ಫೋನ್ ಎತ್ತೋದು ಆ ಹೆಣ್ಣುಮಗಳೇ.

ಇಂಗ್ಲಿಷಿನವರು ಯಾರು ಅಂತ ಹೇಳದೆ ಮುಚ್ಚಿಡೋದನ್ನ ಗಾಂಭೀರ್ಯ ಅಂದ್ಕೊಂಡಿದ್ದಾರೆ. ಕನ್ನಡದಲ್ಲಿ ಯಾರು ಹೋದ್ರು ಅಂತ ಸಂಬಂಧ ಹೇಳಿದ್ರೇನೇ ಮರ್ಯಾದೆ. ತಾಯಿಯೋ ತಂದೆಯೋ ಆಗಿದ್ರೆ "ಮಾತೃವಿಯೋಗ", "ಪಿತೃವಿಯೋಗ" ಅಂತ ಒಂದೇ ಪದದಲ್ಲಿ ಮುಗೀತಿತ್ತು, ಇಲ್ಲಿ ಅದು ಬರಲ್ಲ.

ವಿಠಲ, ಉಡುಪಿ:
ರಜೆ ಅರ್ಜಿಗೆ ಅಲ್ವಾ ಕೇಳಿದ್ದು? ನಾನು ಅಜ್ಜಿ ತೀರಿಹೋದಾಗ ಆಫೀಸಿಗೆ "ಅಜ್ಜಿಯ ಬೊಜ್ಜಕ್ಕೆ ಹೋಗಬೇಕು, ರಜೆ ಬೇಕು" ಅಂತ ಬರೆದೆ. ನಮ್ಮಲ್ಲಿ ಉತ್ತರಕ್ರಿಯೆಗೆ ಬೊಜ್ಜ ಅಂತಲೇ ಹೇಳೋದು. ಮ್ಯಾನೇಜರು ದಾವಣಗೆರೆಯವರು, ಅಜ್ಜಿಗೆ ಬೊಜ್ಜು ಅಂದ್ರೆ ದಪ್ಪ ಆಗಿದ್ದಾರೆ, ಆಪರೇಷನ್ ಇರ್ಬೇಕು ಅಂತ ತಿಳ್ಕೊಂಡು "ಬೇಗ ಗುಣ ಆಗಲಿ" ಅಂತ ಉತ್ತರ ಕೊಟ್ರು. ತುಂಬಾ ಬೇಜಾರಾಯ್ತು ಆವತ್ತು. ಹಾಗಾಗಿ ಊರಿನ ಪದ ಬಿಟ್ಟು ಎಲ್ಲರಿಗೂ ಅರ್ಥ ಆಗೋ ಹಾಗೆ ಬರೀಬೇಕು ಅಂತ ನನ್ನ ಅಭಿಪ್ರಾಯ.

ಗುರುರಾಜ, ಮೈಸೂರು:
ರಜೆ ಅರ್ಜಿ ಅಲ್ಲ. ಮೇಲೆ ಓದಿ.

ಶಿವಲೀಲಾ, ಧಾರವಾಡ:
ಸುಮಾ ಅಕ್ಕಾರ, ಅಧ್ಯಕ್ಷರ ಅತ್ತಿ ಮನಿಯವ್ರು ಲಿಂಗಾಯತರೇನು? ಹೌದಾದ್ರ "ಸೂತಕ" ಅನ್ನೂ ಮಾತು ಮೊದಲ ಅಳಸ್ರಿ. ಹನ್ನೆರಡನೇ ಶತಮಾನದಾಗ ಶರಣರು ಪಂಚಸೂತಕ ಅಂತ ಹೇಳಿ ಜನನ, ಜಾತಿ, ರಜಸ್ಸು, ಉಚ್ಛಿಷ್ಟ, ಪ್ರೇತ ಐದೂ ಸೂತಕಾ ತಳ್ಳಿ ಹಾಕ್ಯಾರ. ಆ ಮನ್ಯಾಗ ಸಾವಾದಾಗ ಸೂತಕ ಅಂತ ಬೋರ್ಡಿಗೆ ಬರದ್ರ ಅವ್ರ ನಂಬಿಕಿಗೇ ವಿರುದ್ಧ ಬರದಂಗ. ಅವ್ರಿಗೆ "ಲಿಂಗೈಕ್ಯರಾದರು" ಅಂತ ಬರೀರಿ, ನಮ್ಮ ಕಡೆ ಪತ್ರಿಕೆಯೊಳಗೂ ಹಂಗ ಹಾಕ್ತಾರ.

ಸುಮಾ, ಬೆಂಗಳೂರು:
ಹೌದು ಲಿಂಗಾಯತರೇ. ಸೂತಕ ತೆಗೀತೀನಿ, ತುಂಬಾ ಥ್ಯಾಂಕ್ಸ್. ಅದನ್ನ ಸೇರಿಸಿದ್ದು ಖಜಾಂಚಿ, ಅವರ ಮನೆ ಲೆಕ್ಕದಲ್ಲಿ. ಆದ್ರೆ ಲಿಂಗೈಕ್ಯ ಹಾಕೋಕೆ ಹಿಂಜರಿಕೆ ಆಗ್ತಿದೆ. ನಮ್ಮಲ್ಲಿ ಎಲ್ಲಾ ಜಾತಿ ಧರ್ಮದೋರೂ ಇದ್ದಾರೆ, ಕಳೆದ ವರ್ಷ ಒಬ್ರು ಮುಸ್ಲಿಂ ಹಿರಿಯರು ತೀರಿಕೊಂಡಾಗ ಯಾರೋ "ಸ್ವರ್ಗಸ್ಥ" ಅಂತ ಹಾಕಿದ್ರು, ಅವರ ಮಕ್ಕಳು ಏನೂ ಹೇಳಲಿಲ್ಲ ಆದ್ರೆ ನಮಗೇ ಕಸಿವಿಸಿ ಆಯ್ತು.

ಶಿವಲೀಲಾ, ಧಾರವಾಡ:
ಅದು ಅವ್ರ ಪದ ಅಲ್ಲ ಅಂತ ಕಸಿವಿಸಿ ಆತು, ಇದು ಇವ್ರ ಪದನ ಐತೆಲ್ರಿ. ಸತ್ತವ್ರಿಗೆ ಅವ್ರವ್ರ ಮಾತಿನ್ಯಾಗ ಗೌರವ ಕೊಡೂದ್ರಾಗ ಏನ ತಪ್ಪು?

ನಂಜಪ್ಪ, ಮಂಡ್ಯ:
ಶಿವಲೀಲಾ ಅವರು ಹೇಳೋದು ಮನೆಯವರ ಕಾರ್ಡಿಗೆ, ಶ್ರದ್ಧಾಂಜಲಿ ಜಾಹೀರಾತಿಗೆ ನೂರಕ್ಕೆ ನೂರು ಸರಿ. ಅಲ್ಲಿ ಮಾತಾಡ್ತಿರೋದು ಮನೆಯವರು. ಇಲ್ಲಿ ಮಾತಾಡ್ತಿರೋದು ಸಂಘ. ಇವತ್ತು ಲಿಂಗೈಕ್ಯ, ನಾಳೆ ವೈಕುಂಠವಾಸಿ ಅಂತ ಸಂಘ ಹಾಕ್ತಾ ಹೋದ್ರೆ ಪ್ರತಿ ಸಾವಿಗೂ ಜಾತಿ ವಿಚಾರಿಸಿ ಬೋರ್ಡ್ ಬರೀಬೇಕಾಗುತ್ತೆ. ಸಂಘಕ್ಕೆ "ನಿಧನರಾದರು" ಅಥವಾ "ತೀರಿಕೊಂಡಿದ್ದಾರೆ" ಎರಡೇ ಸಾಕು.

ಗುರುರಾಜರೇ, "ನಿಧನರಾದರು" ತಪ್ಪಾದ್ರೆ "ಕಾಲವಾದರು" ಕೂಡ ತಪ್ಪಾಗ್ಬೇಕು. ಕಾಲ ಕೂಡ ಮನುಷ್ಯ ಅಲ್ಲ.

ಗುರುರಾಜ, ಮೈಸೂರು:
"ಕಾಲವಾದರು" ನುಡಿಗಟ್ಟು. "ಕಾಲರಾದರು" ಅಂತ ಯಾರೂ ಅನ್ನಲ್ಲ, ಬಹುವಚನ ಕ್ರಿಯಾಪದಕ್ಕೆ ಮಾತ್ರ ಇದೆ. ನಿಮ್ಮ ಉದಾಹರಣೆ ನನ್ನ ಕಡೆಗೇ ಸಾಕ್ಷಿ.

ನಂಜಪ್ಪ, ಮಂಡ್ಯ:
ಆ ಮಾತು ಒಪ್ಪಿದೆ. ಆದ್ರೂ ಇಷ್ಟು ವರ್ಷ ಎಲ್ಲರೂ ಬರೆದು ಓದಿ ಬಂದಿರೋ "ನಿಧನರಾದರು" ಅನ್ನ ತಪ್ಪು ಅಂತ ಹೊರಗಿಡೋಕೆ ನಾನು ತಯಾರಿಲ್ಲ.

ಸುಮಾ ಅವರೇ, ಇನ್ನೆರಡು ಮಾತು ಹೇಳಿಬಿಡ್ತೀನಿ. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಸಭೆ ನೋಟಿಸು ಬರೆದವನು ನಾನು. ಬರೀ "ಅತ್ತೆ" ಸಾಲದು. ಹೆಂಡತಿಯ ತಾಯಿ ಅತ್ತೆ, ಅಪ್ಪನ ತಂಗಿ ಅತ್ತೆ, ಸೋದರಮಾವನ ಹೆಂಡತಿ ಅತ್ತೆ. ಯಾರಿಗೆ ಸಾಂತ್ವನ ಹೇಳಬೇಕು ಅನ್ನೋದು ಅದರ ಮೇಲೆ ನಿಂತಿದೆ, ಇಲ್ಲಿ ಮೊದಲ ಮಾತು ಅವರ ಹೆಂಡತಿಗೆ ಸಲ್ಲಬೇಕು. "ಪತ್ನಿಯ ತಾಯಿಯವರು" ಅಂತ ಬಿಡಿಸಿ ಬರೀರಿ.

ಎರಡನೇದು, "ಮುಂದೂಡು" ಪದಕ್ಕೆ ಎರಡು ಕೆಲಸ. ವಿಧಾನಸೌಧದಲ್ಲಿ "ಸದನವನ್ನು ನಾಳೆಗೆ ಮುಂದೂಡಲಾಯಿತು" ಅಂದ್ರೆ ಸದನ ಸೇರಿತ್ತು, ನಡುವೆ ನಿಲ್ಲಿಸಿದ್ರು. ನಿಮ್ಮದು ಇನ್ನೂ ಸೇರೇ ಇಲ್ಲ. ನಡೆದು ನಿಂತ ಸಭೆ ಮುಂದುವರಿದ್ರೆ ಹಾಜರಾತಿ, ಕೋರಂ ಲೆಕ್ಕ ಬೇರೆ ಅಂತ ನಾಳೆ ಯಾರಾದ್ರೂ ತಗಾದೆ ತೆಗೀಬಹುದು. "14ರಂದು ನಡೆಯಬೇಕಿದ್ದ ಸಭೆ" ಅಂತ ಹಾಕಿ, "ನಡೆಯಬೇಕಿದ್ದ" ಒಂದೇ ಪದ ಆ ಗೊಂದಲ ಕಳೆಯುತ್ತೆ. "ಮುಂದಿನ ಭಾನುವಾರ" ಬರೀಬೇಡಿ, ಒಬ್ಬರಿಗೆ ಅದು 21, ಇನ್ನೊಬ್ಬರಿಗೆ ನಾಡಿದ್ದು. ತಾರೀಕು ವಾರ ಎರಡೂ ಇರಲಿ.

"ಕಾರಣಾಂತರಗಳಿಂದ" ಅಂತ ಖಜಾಂಚಿ ತಿದ್ದಿದ್ರೆ ಒಪ್ಪಬೇಡಿ, ಸಭೆ ಯಾಕೆ ನಿಂತಿತು ಅಂತ ಹತ್ತು ಊಹೆ ಹುಟ್ಟುತ್ತೆ. ಕೊನೇ ಸಾಲಿನ "ವಿಷಾದ" ಸಭೆ ನಿಂತ ತೊಂದರೆಗೆ ಹೋಗ್ತಿದೆ, ಸಾವಿನ ನೋಟಿಸಿನಲ್ಲಿ ನೀರು ನಿಂತಿದ್ದಕ್ಕೆ ಹೇಳೋ ವಿಷಾದ ಯಾಕೆ. ತೆಗೆದುಬಿಡಿ.

ರವಿ, ತುಮಕೂರು:
ಕೋರಂ, ನೋಟಿಸು, ತಗಾದೆ, ತಾರೀಕು. ಇಂಗ್ಲಿಷು ಉರ್ದು ಎಲ್ಲ ಒಳಗೆ, "ಕೂಟ" ಅಂದ ನಾನು ಮಾತ್ರ ಹೊರಗೆ. ನಮ್ಮ ಪದ ಬಳಸಿ ಅಂದ್ರೆ ಯಾಕಿಷ್ಟು ಕಷ್ಟ?

ನಂಜಪ್ಪ, ಮಂಡ್ಯ:
ಕೂಟ ನಮ್ಮದೇ, ಚಂದದ ಪದ, ಊಟದ ಜೊತೆ ಸೇರಿ ಔತಣಕೂಟ ಆಗಿದೆ, ಸಂತೋಷಕೂಟ ಆಗಿದೆ. ಅದಕ್ಕೇ ಸಾವಿನ ನೋಟಿಸಿನಲ್ಲಿ ಬೇಡ ಅಂದಿದ್ದು. "ಅಗಲಿದ್ದಾರೆ" ಕೂಡ "ನಮ್ಮನ್ನು ಅಗಲಿದ್ದಾರೆ" ಅಂದಾಗಲೇ ಪೂರ್ತಿ, ಇಲ್ಲಿ ಹೆಚ್ಚಿನವರು ಆ ತಾಯಿಯನ್ನ ನೋಡೇ ಇಲ್ಲ, "ನಮ್ಮನ್ನು" ಹೇಗೆ ಹಾಕ್ತೀರಿ? ತಾರೀಕು ಬೀದಿ ಬೀದಿಯಲ್ಲಿ ಇರೋ ಪದ, ಅದನ್ನ ಈಗ ಹೊರಗೆ ಹಾಕೋಕೆ ಆಗಲ್ಲ.

ವಿಠಲ, ಉಡುಪಿ:
ಈಗ ಅರ್ಥ ಆಯ್ತು, ಸಭೆಗೆ. ಹಾಗಾದ್ರೆ ಅಧ್ಯಕ್ಷರ ಹೆಸರು ಹಾಕ್ಬೇಕಾ? ನಮ್ಮಲ್ಲಿ ಹೆಸರು ಹಾಕದಿದ್ರೆ ಯಾರ ಮನೆ ಅಂತ ಗೊತ್ತಾಗುದಿಲ್ಲ.

ಸುಮಾ, ಬೆಂಗಳೂರು:
ಅಧ್ಯಕ್ಷರು ಒಬ್ರೇ ಇರೋದು, ಹೆಸರು ಬೇಡ ಅಂತ ಅವರ ಮಗನೇ ಹೇಳಿದ್ದಾನೆ. ಅವನಿಗೆ ಓದಿ ಕೇಳಿಸಿ ಈಗ ಬೋರ್ಡಿಗೆ ಹಾಕಿದ್ದು ಇದು:

"ನಮ್ಮ ಸಂಘದ ಅಧ್ಯಕ್ಷರ ಪತ್ನಿಯ ತಾಯಿಯವರು ಜೂನ್ 11ರ ರಾತ್ರಿ ಧಾರವಾಡದಲ್ಲಿ ತೀರಿಕೊಂಡಿದ್ದಾರೆ. ಆದ್ದರಿಂದ ಜೂನ್ 14, ಭಾನುವಾರ ನಡೆಯಬೇಕಿದ್ದ ಸರ್ವಸದಸ್ಯರ ಸಭೆಯನ್ನು ಜೂನ್ 28, ಭಾನುವಾರ ಬೆಳಿಗ್ಗೆ 10 ಗಂಟೆಗೆ ಮುಂದೂಡಿದ್ದೇವೆ. ಸ್ಥಳ, ಕಾರ್ಯಸೂಚಿ ಎರಡೂ ಮೊದಲಿನಂತೆಯೇ. ಅವರ ಮನೆಯವರೆಲ್ಲರ ದುಃಖದಲ್ಲಿ ನಾವೂ ಭಾಗಿಗಳು."

ಶಿವಲೀಲಾ, ಧಾರವಾಡ:
ಲಿಂಗೈಕ್ಯ ಹಾಕಬೇಕಿತ್ತು ಅಂತ ನಾನು ಈಗೂ ಹೇಳ್ತೀನಿ. ಆದ್ರ ಸೂತಕ ಹೋತಲ್ಲ, ಅಷ್ಟು ಛಲೋ ಆತು.

ಗುರುರಾಜ, ಮೈಸೂರು:
"ಮನೆಯವರೆಲ್ಲರ" ಅಂತ "ಎಲ್ಲ" ಸೇರಿಸಿದ್ದರಿಂದ ಹೆಂಡತಿ ಅನ್ನೋ ಅರ್ಥ ತಪ್ಪಿತು, ಸರಿ ಇದೆ. ನಿಧನದ ಬದಲು ತೀರಿಕೊಂಡಿದ್ದಾರೆ ಹಾಕಿದ್ದೂ ಸರಿ.

ರವಿ, ತುಮಕೂರು:
ಒಂದು ಉಳೀತು. "ಮುಂದೂಡು" ಹೇಗೆ ಒಡೀತೀರಿ? ಮುಂದು + ಊಡು ಅಂತ ನಮ್ಮ ಮೇಷ್ಟ್ರು ಹೇಳ್ಕೊಟ್ಟಿದ್ರು.

ನಂಜಪ್ಪ, ಮಂಡ್ಯ:
ಊಡು ಅಂದ್ರೆ ಉಣಿಸು, ಸಭೆಗೆ ಯಾರು ಉಣಿಸ್ತಾರೆ. ಮುಂಗಡ, ಮುಂಬಾಗಿಲು ಇದ್ದಂಗೆ ಮುಂ + ದೂಡು. ದೂಡು ಅಂದ್ರೆ ನೂಕು.

ಗುರುರಾಜ, ಮೈಸೂರು:
ದೂಡು ಅಂತೀರಿ, ಹಳಗನ್ನಡದಿಂದ ಒಂದು ಪ್ರಯೋಗ ತೋರಿಸಿ, ಆಮೇಲೆ ಮಾತಾಡೋಣ. ಬೇರೆ ಎಳೆ ತೆಗೆದು ಬರೀರಿ, ಇದು ಸುಮಾ ಅವರ ಎಳೆ.