ಸೀರೆ ಬಣ್ಣ ಬಿಟ್ಟಿತೆಂಬ ದೂರಿಗೆ ಗೂಗಲ್‌ನಲ್ಲಿ ಏನೆಂದು ಉತ್ತರಿಸಬೇಕು?

ಪ್ರಶ್ನೆ: ಸೀರೆ ಅಂಗಡಿಯವರು, ಗದಗ-ಬೆಟಗೇರಿ
ದೀಪಾವಳಿಗೆ ಕೊಂಡ ಕೈಮಗ್ಗದ ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟು, ಸೆರಗಿನದು ಒಡಲಿಗೆ ಹತ್ತಿತೆಂದು ಗಿರಾಕಿಯೊಬ್ಬರು ಒಂದೇ ಸ್ಟಾರ್ ಕೊಟ್ಟಿದ್ದಾರೆ. ಬೇರೆಯಾಗಿ ಒಗೆಯಿರಿ ಎಂದು ಹೇಳಿಯೇ ಕೊಟ್ಟಿದ್ದೆವು. ಏನು ಬರೆಯಬೇಕು? ಹೊಗಳಿದವರಿಗೂ ಉತ್ತರಿಸಬೇಕೇ?

ಉತ್ತರ: ಅಂಗಡಿಗಳ ಗ್ರಾಹಕ ಸಂಪರ್ಕ ನೋಡಿಕೊಳ್ಳುವವರು, ಹುಬ್ಬಳ್ಳಿ
"ಹೇಳಿಯೇ ಕೊಟ್ಟಿದ್ದೆವು" ಎಂಬುದು ನಿಜವಿದ್ದರೂ ಉತ್ತರದಲ್ಲಿ ಬರುವುದು ಬೇಡ. ಮದುವೆ ಜವಳಿಗೆ ಅಂಗಡಿ ಹುಡುಕುವವರೂ ಅದನ್ನು ಓದುತ್ತಾರೆ, ಅವರಿಗೆ ನೀವು ತಪ್ಪನ್ನು ಗಿರಾಕಿಯ ತಲೆಗೆ ಕಟ್ಟಿದಂತೆಯೇ ಕಾಣುತ್ತದೆ. ಮೊದಲು ಬಿಲ್ ಪುಸ್ತಕದಲ್ಲಿ ಯಾವ ಸೀರೆಯೆಂದು ಗುರುತಿಸಿ, ಅದೇ ಲಾಟಿನದು ಉಳಿದಿದ್ದರೆ ಒದ್ದೆ ಬಿಳಿ ಬಟ್ಟೆಯಿಂದ ಸೆರಗಿನ ಒಳಬದಿಯನ್ನು ಉಜ್ಜಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಉಳಿದ ಸೀರೆಗಳ ಮಾರಾಟವನ್ನೂ ತಡೆಯಿರಿ. ಆಮೇಲೆ ಹೀಗೆ ಬರೆಯಬಹುದು:

"ಸೆರಗಿನ ಬಣ್ಣ ಒಡಲಿಗೆ ಹತ್ತಿದ್ದನ್ನು ಓದಿ ಬೇಸರವಾಯಿತು, ಕ್ಷಮಿಸಿ. ಸೀರೆಯನ್ನು ಅಂಗಡಿಗೆ ತನ್ನಿ, ಇಲ್ಲವೇ ಬಿಲ್ಲಿನ ಮೇಲಿರುವ ನಮ್ಮ ನಂಬರಿಗೆ ಫೋಟೋ ಕಳಿಸಿ. ನೋಡಿದ ಎರಡು ದಿನದೊಳಗೆ ಏನು ಮಾಡಬಲ್ಲೆವೆಂದು ತಿಳಿಸುತ್ತೇವೆ."

ಗಿರಾಕಿಯ ಮೊಬೈಲ್ ನಂಬರ್, ಬಿಲ್ಲಿನ ಮೊತ್ತ ಯಾವುದನ್ನೂ ಅಲ್ಲಿ ಹಾಕಬೇಡಿ. ಸೀರೆ ಕಣ್ಣಾರೆ ನೋಡುವ ಮುನ್ನ ಬದಲಿಸಿ ಕೊಡುತ್ತೇವೆಂದೂ ಬರೆಯಬೇಡಿ. ವ್ಯವಹಾರ ಮುಗಿದ ಮೇಲೆ ಅದೇ ಉತ್ತರವನ್ನು ತಿದ್ದಿ, ಏನಾಯಿತೆಂದು ಒಂದು ಸಾಲು ಸೇರಿಸಬಹುದು.

ಹೊಗಳಿದವರಿಗೆಲ್ಲ ಒಂದೇ "ಧನ್ಯವಾದಗಳು" ಅಂಟಿಸುವುದಕ್ಕಿಂತ, ಅತ್ತೆಯವರಿಗೆ ಅಂಚು ಹಿಡಿಸಿತೆಂದು ಬರೆದವರಿಗೆ ಆ ಅಂಚನ್ನೇ ನೆನೆದು ಎರಡು ಸಾಲು ಬರೆಯಿರಿ. ಬರೀ ಸ್ಟಾರ್ ಕೊಟ್ಟವರನ್ನು ಬಿಟ್ಟರೂ ನಡೆಯುತ್ತದೆ.

ಪಾತ್ರೆ ಅಂಗಡಿಯವರು, ಹಾವೇರಿ
ತಡಮಾಡದೆ ಉತ್ತರಿಸಬೇಕು, ಅದೇ ಮುಖ್ಯ. ಜೊತೆಗೆ ಮುಂದಿನ ಖರೀದಿಗೆ ರಿಯಾಯಿತಿ ಕೊಟ್ಟು, ಬರೆದದ್ದನ್ನು ತೆಗೆಸಿಬಿಡಿ.

ಹುಬ್ಬಳ್ಳಿಯವರು
ತಡಮಾಡಬಾರದೆಂಬುದು ಸರಿ. ಆದರೆ ರಿಯಾಯಿತಿಗೆ ಬದಲಾಗಿ ವಿಮರ್ಶೆ ತೆಗೆಸುವುದನ್ನಾಗಲಿ ಬದಲಿಸುವುದನ್ನಾಗಲಿ ಗೂಗಲ್ ನಿಯಮ ಒಪ್ಪುವುದಿಲ್ಲ. ಸೀರೆಗೆ ಪರಿಹಾರ ಕೊಡಿ, ಸ್ಟಾರಿನ ಮಾತು ಎತ್ತಬೇಡಿ. ಮನಸ್ಸಾದರೆ ಅವರೇ ತಿದ್ದುತ್ತಾರೆ.

ಪೇಡೆ ಅಂಗಡಿಯವರು, ಧಾರವಾಡ
ನಮ್ಮಲ್ಲಿ ಕೊಳ್ಳದೇ ಇರುವ ಯಾರೋ ಪೇಡೆ ಹುಳಿಯಾಗಿತ್ತೆಂದು ಬರೆದಿದ್ದಾರೆ. ಅಳಿಸುವುದು ಹೇಗೆಂದು ತಾನೇ ಇಲ್ಲಿಯ ಪ್ರಶ್ನೆ?

ಹುಬ್ಬಳ್ಳಿಯವರು
ಪ್ರಶ್ನೆ ಅದಲ್ಲ, ಆದರೂ ಹೇಳುತ್ತೇನೆ. ಅಳಿಸುವ ಅಧಿಕಾರ ಅಂಗಡಿಯವರಿಗಿಲ್ಲ. ನಿಯಮ ಮೀರಿದೆಯೆಂದು ವರದಿ ಮಾಡಬಹುದಷ್ಟೇ, ನಮಗೆ ಸುಳ್ಳೆನಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. "ಈ ಹೆಸರಿನ ಖರೀದಿ ನಮ್ಮ ದಾಖಲೆಯಲ್ಲಿ ಸಿಗಲಿಲ್ಲ, ಯಾವ ದಿನ ಕೊಂಡಿರೆಂದು ತಿಳಿಸಿದರೆ ವಿಚಾರಿಸುತ್ತೇವೆ" ಎಂದು ಬರೆಯಿರಿ. ಮನೆಯವರು ಬೇರೆ ಹೆಸರಿನಲ್ಲಿ ಕೊಂಡಿರಲೂಬಹುದು.

ಬೆಟಗೇರಿಯವರು
ಉಜ್ಜಿ ನೋಡಿದೆವು, ಬಣ್ಣ ಹತ್ತಲಿಲ್ಲ. ಬಿಸಿನೀರಿನಲ್ಲಿ ನೆನೆಸಿದ್ದರೇ ಎಂದು ಕೇಳಬಹುದೇ?

ಹುಬ್ಬಳ್ಳಿಯವರು
ಸೀರೆ ಕೈಗೆ ಬಂದ ಮೇಲೆ, ಫೋನಿನಲ್ಲಿ ಕೇಳಿ. ಯಾರ ತಪ್ಪೆಂದು ಆಗಲೂ ಗೊತ್ತಾಗದಿದ್ದರೆ ಎಷ್ಟು ಸೋಲಬೇಕೆಂಬುದನ್ನು ನೀವೇ ತೀರ್ಮಾನಿಸಬೇಕು.